ಆರು ಏರ್‌ಬ್ಯಾಗ್ ಅದಾವಂತ, ಮುಂದೇನು?

ಕಾರು ತಗೊಳ್ಳುವ ವಿಚಾರ ಮಾಡಿದ್ದೀಯಂತೆ. ತಗೋ ತಮ್ಮಾ, ಸಂತೋಷದ ಮಾತು. ಇನ್ನೂ ಯಾರಿಗೂ ಗೊತ್ತಿಲ್ಲ ಅಂದುಕೊಂಡು ನೀನು ಓಡಾಡುತ್ತಿದ್ದೀಯ, ಆದರೆ ಕುಬಿಹಾಳದ ಚಹಾದಂಗಡಿಯಲ್ಲಿ ನಿನ್ನ ಕಾರಿನ ಬಣ್ಣದವರೆಗೂ ಚರ್ಚೆ ಮುಗಿದಿದೆ. ಬಿಳಿ ಬೇಡ, ಎರೆ ಹೊಲದ ಕೆಸರು ಎದ್ದು ಕಾಣುತ್ತದೆ ಅಂತ ಒಬ್ಬ. ಕಪ್ಪು ಬೇಡ, ಧೂಳು ಕಾಣುತ್ತದೆ ಅಂತ ಇನ್ನೊಬ್ಬ. ಅವರನ್ನು ಬಿಡು. ನನಗೆ ಬೇರೆಯದೇ ಚಿಂತೆ. ಮೊನ್ನೆ ನನ್ನ ಮುಂದೆ ಮೊಬೈಲ್ ಹಿಡಿದು, “ಅಜ್ಜಾ, ಆರು ಏರ್‌ಬ್ಯಾಗ್ ಅದಾವ, ಮತ್ತೇನ ಬೇಕು?” ಅಂದೆಯಲ್ಲ, ಆ ಮಾತಿಗೆ ಅಲ್ಲೇ ಉತ್ತರ ಕೊಡಬಹುದಿತ್ತು. ಕೊಟ್ಟರೆ ನೀನು ಅರ್ಧ ಕೇಳಿ ಎದ್ದು ಹೋಗುತ್ತೀ ಅಂತ ಸುಮ್ಮನಾದೆ. ಈಗ ಕೂತು ಓದು.

ನಾನು ಹುಬ್ಬಳ್ಳಿಯಲ್ಲಿ ಬಹಳ ವರ್ಷ ಟಿಂಕರಿಂಗ್ ಮಾಡಿದವನು. ಎಂಜಿನ್ ಮೇಸ್ತ್ರಿಗಳು ಕಾರಿನ ಬಾನೆಟ್ ಎತ್ತಿ ನೋಡುತ್ತಾರೆ, ನಾವು ಕಾರಿನ ಎಲುಬು ನೋಡುತ್ತೇವೆ. ಡಿಕ್ಕಿಯಾಗಿ ಬಂದ ಗಾಡಿಯ ಮುಂದೆ ನಿಂತರೆ ನನ್ನ ಕಣ್ಣು ಮೊದಲು ಹೋಗುವುದು ಒಡೆದ ಲೈಟಿಗೂ ಅಲ್ಲ, ಮುದುಡಿದ ಬಂಪರಿಗೂ ಅಲ್ಲ. ಮುಂದಿನ ಗಾಜಿನ ಪಕ್ಕದಲ್ಲಿ ಬಾನೆಟ್‌ನಿಂದ ಛಾವಣಿಗೆ ಏರುವ ಕಂಬ ಇದೆಯಲ್ಲ, ಅದಕ್ಕೆ. ಆ ಕಂಬ ನೆಟ್ಟಗಿದ್ದು, ಬಾಗಿಲು ಕೈಯಿಂದ ತೆರೆದರೆ, ಒಳಗಿದ್ದವನು ಬಹಳ ಮಟ್ಟಿಗೆ ನಡೆದುಕೊಂಡೇ ಇಳಿದಿರುತ್ತಾನೆ. ಕಂಬ ಛಾವಣಿಯ ಹತ್ತಿರ ಮಡಚಿಕೊಂಡು, ಬಾಗಿಲು ಸಬ್ಬಲು ಹಾಕಿ ಬಿಚ್ಚಬೇಕಾಗಿ ಬಂದಿದ್ದರೆ, ಮುಂದಿನದನ್ನು ಕೇಳುವ ಧೈರ್ಯ ನನಗೂ ಆಗುತ್ತಿರಲಿಲ್ಲ.

ನಿನ್ನಂಥ ಹುಡುಗರು ಶೋರೂಮಿಗೆ ಹೋದ ಕೂಡಲೇ ಬಾನೆಟ್ ಮೇಲೆ ಬೆರಳಿನಿಂದ ಟಕಟಕ ಬಡಿಯುತ್ತೀರಿ. “ತಗಡ ಗಟ್ಟಿ ಐತಿ” ಅನ್ನುತ್ತೀರಿ. ಬಡಿದು ಏನು ತಿಳಿಯಿತು? ಬಾನೆಟ್ಟು, ಬಂಪರು, ಅದರ ಹಿಂದಿನ ಉದ್ದ ಪಟ್ಟಿಗಳು ಇವೆಲ್ಲ ಮುದುಡಲಿಕ್ಕೇ ಇರುವಂಥವು. ಡಿಕ್ಕಿಯ ಪೆಟ್ಟನ್ನು ಅವು ಮಡಚಿಕೊಂಡು ತಿನ್ನಬೇಕು. ಮುದುಡಬಾರದ್ದು ನೀನು ಕೂಡುವ ಕ್ಯಾಬಿನ್: ಕಂಬಗಳು, ಬಾಗಿಲ ಕೆಳಗಿನ ಹೊಸ್ತಿಲು, ನೀನು ಕಾಲಿಡುವ ಜಾಗ. ಅದು ಬೆರಳಿಗೆ ಸಿಗುವಂಥದ್ದಲ್ಲ. ನಲವತ್ತು ವರ್ಷ ತಗಡು ಬಡಿದವನಿಗೂ ಶೋರೂಮಿನಲ್ಲಿ ನಿಂತು ಹೇಳಲು ಬರುವುದಿಲ್ಲ. ಗಾಡಿಯನ್ನು ಗೋಡೆಗೆ ಹೊಡೆಸಿಯೇ ನೋಡಬೇಕು. ಅದನ್ನು ನಿನ್ನ ಬದಲು ಬೇರೆಯವರು ಮಾಡಿ ಅಂಕ ಹಾಕಿಟ್ಟಿದ್ದಾರೆ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದಲ್ಲಿ ಮಾರುತ್ತಿದ್ದ ಐದು ಸಣ್ಣ ಕಾರುಗಳ ಫಲಿತಾಂಶ ಹೊರಹಾಕಿತು. ಆಲ್ಟೊ 800, ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ಎಲ್ಲವೂ ಏರ್‌ಬ್ಯಾಗ್ ಇಲ್ಲದ ಕಡಿಮೆ ದರದ ಮಾದರಿಗಳು. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಕಾರಿನ ಮೂತಿಯ ನೂರಕ್ಕೆ ನಲವತ್ತು ಭಾಗ ಮಾತ್ರ ತಾಗುವ ಹಾಗೆ, ಚಾಲಕನ ಬದಿಯಿಂದ ತಡೆಗೆ ಹೊಡೆಸಿದರು. ದೊಡ್ಡವರ ರಕ್ಷಣೆಗೆ ಐದಕ್ಕೂ ಸೊನ್ನೆ ಸ್ಟಾರ್.

ಸುದ್ದಿ ಓದಿದವರು “ಏರ್‌ಬ್ಯಾಗ್ ಇರಲಿಲ್ಲ, ಅದಕ್ಕೇ ಸೊನ್ನೆ” ಅಂತ ಪತ್ರಿಕೆ ಮಡಚಿಟ್ಟರು. ವರದಿಯಲ್ಲಿ ಇನ್ನೊಂದು ಮಾತಿತ್ತು, ನಮ್ಮಂಥ ತಗಡಿನ ಕೆಲಸದವರಿಗೆ ಅದೇ ಮುಖ್ಯ. ಐದಕ್ಕೂ ಸೊನ್ನೆ ಬಂದಿದ್ದರೂ ಐದೂ ಒಂದೇ ಬಗೆಯವಲ್ಲ. ಆಲ್ಟೊ, ನ್ಯಾನೊ, ಐ10ಗಳಲ್ಲಿ ಕ್ಯಾಬಿನ್ನೇ ಕುಸಿದಿತ್ತು. ಇವಕ್ಕೆ ಏರ್‌ಬ್ಯಾಗ್ ಹಾಕಿದರೂ ದೊಡ್ಡ ಗಾಯ ತಪ್ಪಿಸಲು ಉಪಯೋಗವಿಲ್ಲ ಅಂತ ಪರೀಕ್ಷೆ ಮಾಡಿದವರು ಬರೆದರು. ಫಿಗೊ, ಪೋಲೊ ಕ್ಯಾಬಿನ್ ಮಾತ್ರ ನಿಂತಿತ್ತು. ಇವಕ್ಕೆ ಏರ್‌ಬ್ಯಾಗ್ ಬಂದರೆ ಫಲ ಸಿಗುತ್ತದೆ ಅಂದರು. ಫೋಕ್ಸ್‌ವ್ಯಾಗನ್ ಕಂಪನಿ ಏರ್‌ಬ್ಯಾಗ್ ಇಲ್ಲದ ಪೋಲೊ ಮಾರುವುದನ್ನೇ ಬಿಟ್ಟು, ಎರಡು ಏರ್‌ಬ್ಯಾಗ್ ಇದ್ದ ಪೋಲೊ ಕೊಟ್ಟಿತು. ಅದಕ್ಕೆ ನಾಲ್ಕು ಸ್ಟಾರ್ ಬಂತು. ಸೊನ್ನೆಯಿಂದ ಒಂದೇ ನೆಗೆತಕ್ಕೆ ನಾಲ್ಕು. ನೆಗೆಸಿದ್ದು ಬ್ಯಾಗು, ಆದರೆ ಕಾಲೂರಲು ನೆಲ ಕೊಟ್ಟದ್ದು ಕ್ಯಾಬಿನ್.

ಗೋಡೆ ಬೀಳುವ ಮನೆಯಲ್ಲಿ ಎಷ್ಟು ದಿಂಬು ಇಟ್ಟುಕೊಂಡು ಮಲಗಿದರೇನು? ಏರ್‌ಬ್ಯಾಗ್ ಅಂದರೆ ಅಷ್ಟೇ. ಡಿಕ್ಕಿಯಾದ ಕ್ಷಣ ಸೆನ್ಸರ್ ತಿಳಿಸುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಬ್ಯಾಗ್ ಉಬ್ಬುತ್ತದೆ, ನಿನ್ನ ತಲೆ ಸ್ಟೇರಿಂಗಿಗೆ ಬಡಿಯುವ ಮೊದಲು ಅಡ್ಡ ನಿಲ್ಲುತ್ತದೆ, ಕೂಡಲೇ ಗಾಳಿ ಬಿಡುತ್ತ ಕುಗ್ಗುತ್ತದೆ. ಈ ಲೆಕ್ಕವೆಲ್ಲ ಸ್ಟೇರಿಂಗು ಇದ್ದಲ್ಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಹಾಕಿದ್ದು. ಕ್ಯಾಬಿನ್ ಕುಸಿದು ಸ್ಟೇರಿಂಗೇ ನಿನ್ನ ಎದೆಯ ಕಡೆ ಬಂದರೆ, ಪೆಡಲುಗಳು ಹಿಂದಕ್ಕೆ ಒತ್ತಿ ಕಾಲು ಸಿಕ್ಕಿಸಿಕೊಂಡರೆ, ಬ್ಯಾಗ್ ತನ್ನ ಕೆಲಸ ತಾನು ಮಾಡಿರುತ್ತದೆ, ನೀನು ಮಾತ್ರ ಒಳಗೇ ಇರುತ್ತೀ.

ಇನ್ನು ನಿನ್ನ ಆರರ ಲೆಕ್ಕಕ್ಕೆ ಬರೋಣ. ಒಂದು ಸ್ಟೇರಿಂಗಿನೊಳಗೆ, ಒಂದು ಎಡಗಡೆಯ ಡ್ಯಾಶ್‌ಬೋರ್ಡಿನೊಳಗೆ. ಇವೆರಡು ಎದುರಿನ ಡಿಕ್ಕಿಗೆ, ಕಾನೂನಿನಿಂದಲೇ ಈಗ ಎಲ್ಲ ಹೊಸ ಕಾರುಗಳಲ್ಲೂ ಇವೆ. ಮುಂದಿನ ಎರಡು ಸೀಟುಗಳ ಹೊರಮಗ್ಗುಲಲ್ಲಿ ಒಂದೊಂದು, ಪಕ್ಕೆಲುಬು ಕಾಯಲು. ಇನ್ನೆರಡು ಛಾವಣಿಯ ಅಂಚಿನಲ್ಲಿ ಎರಡೂ ಬದಿಗೆ, ಪರದೆ ಇಳಿದ ಹಾಗೆ ಇಳಿದು ಮುಂದಿನವರ, ಹಿಂದಿನವರ ತಲೆ ಕಾಯಲು. ಅಂದರೆ ಎರಡರ ಮೇಲಿನ ನಾಲ್ಕೂ ಬ್ಯಾಗುಗಳು ಮಗ್ಗುಲಿನ ಪೆಟ್ಟಿಗೆ. ಎದುರಿನಿಂದ ಹೊಡೆದರೆ ಎರಡು ಬ್ಯಾಗಿನ ಕಾರಿಗೂ ಆರು ಬ್ಯಾಗಿನ ಕಾರಿಗೂ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ.

ಇದು ನನ್ನ ತರ್ಕವಲ್ಲ, ಕಾಗದದ ಮೇಲಿದೆ. ನಮ್ಮ ಸರ್ಕಾರದ್ದೇ ಪರೀಕ್ಷೆ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ. ಅದರಲ್ಲಿ 2025ರಲ್ಲಿ ಬಲೆನೊ ಕಾರನ್ನು ಎರಡು ಬಗೆಯಲ್ಲೂ ನೋಡಿದರು, ಎರಡು ಬ್ಯಾಗಿನದು ಮತ್ತು ಆರು ಬ್ಯಾಗಿನದು. ದೊಡ್ಡವರ ರಕ್ಷಣೆಗೆ ಒಟ್ಟು 32 ಅಂಕ. ಎರಡು ಬ್ಯಾಗಿನದಕ್ಕೆ 24.04 ಬಂತು, ಆರು ಬ್ಯಾಗಿನದಕ್ಕೆ 26.52. ಎರಡಕ್ಕೂ ನಾಲ್ಕೇ ಸ್ಟಾರ್. ಮೇಲೆ ಬಂದ ಸುಮಾರು ಎರಡೂವರೆ ಅಂಕ ಎಲ್ಲಿಂದ ಬಂತು? ಮಗ್ಗುಲಿನ ಡಿಕ್ಕಿಯಿಂದ. ಎದುರಿನ ಡಿಕ್ಕಿಯ ಅಂಕ ಎರಡಕ್ಕೂ ಒಂದೇ. ಕಾರು ಅದೇ, ಕ್ಯಾಬಿನ್ ಅದೇ, ನಾಲ್ಕು ಬ್ಯಾಗು ಹೆಚ್ಚಿಗೆ ಬಂದರೆ ಏನು ಸಿಗುತ್ತದೆ ಅಂತ ಇದಕ್ಕಿಂತ ಚೊಕ್ಕವಾಗಿ ತಿಳಿಯುವ ದಾರಿ ಇಲ್ಲ.

ಹಾಗಂತ ಆ ನಾಲ್ಕು ಬ್ಯಾಗು ದಂಡ ಅಂದೆನೆಂದು ತಿಳಿಯಬೇಡ. ಕೂಡುರಸ್ತೆಯಲ್ಲಿ ಅಡ್ಡ ಬಂದ ಗಾಡಿ ಬಾಗಿಲಿಗೆ ಗುದ್ದಿದಾಗ, ಜಾರಿದ ಕಾರು ಅಡ್ಡಡ್ಡ ಹೋಗಿ ರಸ್ತೆ ಬದಿಯ ಬೇವಿನ ಮರಕ್ಕೆ ಬಡಿದಾಗ, ನಿನ್ನ ತಲೆಗೂ ಮರಕ್ಕೂ ನಡುವೆ ಇರುವುದು ಬರೀ ಗಾಜು. ಆಗ ಛಾವಣಿಯಿಂದ ಇಳಿಯುವ ಪರದೆಯೇ ಗತಿ. ಮುಂದೆ ಮುದುಡಲು ಮೂರಡಿ ಬಾನೆಟ್ ಇದೆ, ಮಗ್ಗುಲಲ್ಲಿ ಒಂದು ಗೇಣೂ ಇಲ್ಲ. ಸಿಕ್ಕರೆ ಆರೂ ಇರಲಿ. ನಾನು ಬೇಡ ಅನ್ನುವುದು ಎಣಿಕೆಯಿಂದಲೇ ಶುರು ಮಾಡುವ ನಿನ್ನ ಚಾಳಿಯನ್ನು.

ಎಣಿಕೆಯನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಕಾರು ಹೇಳುತ್ತೇನೆ. 2021ರಲ್ಲಿ ಟಾಟಾ ಪಂಚ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಐದು ಸ್ಟಾರ್ ಕೊಟ್ಟಿತು. ಅದರಲ್ಲಿದ್ದದ್ದು ಎರಡೇ ಏರ್‌ಬ್ಯಾಗ್. 2024ರಲ್ಲಿ ಅದೇ ಸಂಸ್ಥೆ ಕಿಯಾ ಕಾರೆನ್ಸ್ ಫಲಿತಾಂಶ ಹೇಳಿತು. ಆರು ಏರ್‌ಬ್ಯಾಗ್ ಎಲ್ಲ ಮಾದರಿಗಳಲ್ಲೂ ಇದ್ದ ಕಾರು. ಮೊದಲು ಪರೀಕ್ಷಿಸಿದ ಗಾಡಿಗೆ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್, ಚಾಲಕನ ಕುತ್ತಿಗೆಗೆ ರಕ್ಷಣೆ ಸಾಲದ್ದಕ್ಕೆ. ಕಂಪನಿ ತಿದ್ದಿ ತಯಾರಿಸಿದ ಮೇಲಿನ ಗಾಡಿಗೆ ಮೂರು ಬಂತು. ಬ್ಯಾಗು ಮೊದಲೂ ಆರು, ಆಮೇಲೂ ಆರು.

ತಡಿ, ಈಗಲೇ ಈ ಎರಡನ್ನು ತಕ್ಕಡಿಗೆ ಹಾಕಿ ತೂಗಬೇಡ. ನೀನು ಅವಸರದವ, ನನಗೆ ಗೊತ್ತು. ಈ ಎರಡು ಕಾರುಗಳ ನಡುವೆ ಪರೀಕ್ಷೆಯ ನಿಯಮವೇ ಬದಲಾಗಿದೆ. 2022ರ ಜುಲೈವರೆಗೆ ಗ್ಲೋಬಲ್ ಎನ್‌ಕ್ಯಾಪ್ ಅಂಕಗಳಲ್ಲಿ ಎದುರಿನ ಡಿಕ್ಕಿಯದೇ ದೊಡ್ಡ ಪಾಲು, ದೊಡ್ಡವರಿಗೆ ಒಟ್ಟು 17 ಅಂಕ. ಆಮೇಲೆ ಮಗ್ಗುಲಿನ ಡಿಕ್ಕಿ, ಕಂಬಕ್ಕೆ ಹೊಡೆಸುವುದು, ಜಾರದಂತೆ ತಡೆಯುವ ವ್ಯವಸ್ಥೆ, ಇವೆಲ್ಲ ಸೇರಿ ಪರೀಕ್ಷೆ ಬಿಗಿಯಾಯಿತು. ಹಳೆಯ ಐದು ಸ್ಟಾರು ಹೊಸ ಐದಕ್ಕೆ ಸಮ ಅಲ್ಲ. ಆದ್ದರಿಂದ ಸ್ಟಾರ್ ನೋಡುವಾಗ ಪಕ್ಕದಲ್ಲಿ ಇಸವಿ ನೋಡು. 17ಕ್ಕೆ ಎಷ್ಟು ಅಂತ ಬರೆದಿದ್ದರೆ ಹಳೆಯ ನಿಯಮ, ಭಾರತ್ ಎನ್‌ಕ್ಯಾಪ್‌ನಲ್ಲಿ 32ಕ್ಕೆ ಎಷ್ಟು ಅಂತ ಇರುತ್ತದೆ. ಅಲ್ಲಿ ಐದು ಸ್ಟಾರಿಗೆ ದೊಡ್ಡವರ ರಕ್ಷಣೆಯಲ್ಲಿ 27 ಮುಟ್ಟಬೇಕು, ನಾಲ್ಕಕ್ಕೆ 22. ಅಂದರೆ ನಾಲ್ಕು ಸ್ಟಾರಿನೊಳಗೇ 22ರವನೂ ಇದ್ದಾನೆ, 26.9ರವನೂ ಇದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಅಂತ ನೀನು ಊರ ತುಂಬ ಹೇಳಿಕೊಂಡು ಬಂದಾಗ ನಿನ್ನ ಅಪ್ಪ ಕೇಳಿದ್ದು ಏನು? ಮಾರ್ಕ್ಸ್ ಎಷ್ಟು ಅಂತ. ಇಲ್ಲಿಯೂ ಅದನ್ನೇ ಕೇಳು.

ಹೆಸರಿಗೂ ಮರುಳಾಗಬೇಡ. ಒಂದೇ ಕಂಪನಿಯ ಗಾಡಿಗಳೇ ಒಂದರಂತೆ ಒಂದಿಲ್ಲ. 2023ರಲ್ಲಿ ವ್ಯಾಗನ್ ಆರ್‌ಗೆ ಎರಡು ಏರ್‌ಬ್ಯಾಗ್ ಇದ್ದೂ ದೊಡ್ಡವರ ರಕ್ಷಣೆಗೆ ಒಂದು ಸ್ಟಾರ್ ಬಂತು, ಮಕ್ಕಳ ರಕ್ಷಣೆಗೆ ಸೊನ್ನೆ. ಕ್ಯಾಬಿನ್ ಅಸ್ಥಿರ, ಇನ್ನಷ್ಟು ಭಾರ ತಾಳಲಾರದು ಅಂತ ಗ್ಲೋಬಲ್ ಎನ್‌ಕ್ಯಾಪ್ ಬರೆಯಿತು. ಅದೇ ಮಾರುತಿ ಕಂಪನಿಯ ಹೊಸ ಡಿಜೈರ್‌ಗೆ 2024ರ ನವೆಂಬರ್‌ನಲ್ಲಿ, ಬಿಗಿಯಾದ ಹೊಸ ನಿಯಮದಲ್ಲಿ, ಐದು ಸ್ಟಾರ್ ಬಂತು. ಆ ಕಂಪನಿಗೆ ಅದೇ ಮೊದಲ ಐದು. “ಮಾರುತಿ ಅಂದ್ರ ಡಬ್ಬಿ, ಟಾಟಾ ಅಂದ್ರ ಕಬ್ಬಿಣ” ಅಂತ ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವವರ ಮಾತು ಕೇಳಿ ನಗು, ಕಾರು ಮಾತ್ರ ಅವರ ಮಾತಿನ ಮೇಲೆ ಆರಿಸಬೇಡ.

2025ರಲ್ಲಿ ವ್ಯಾಗನ್ ಆರ್, ಆಲ್ಟೊ ಕೆ10ನಂಥ ಗಾಡಿಗಳಿಗೂ ಆರು ಏರ್‌ಬ್ಯಾಗ್ ಬಂದವು. ನಿನ್ನ ಮೊಬೈಲಿನಲ್ಲಿ ಮಿಂಚಿದ್ದು ಇದೇ ಜಾಹೀರಾತು. ಒಳ್ಳೆಯದೇ ಆಯಿತು, ಮಗ್ಗುಲಿನ ಪೆಟ್ಟಿಗೆ ಅಷ್ಟಾದರೂ ಆಸರೆ. ಆದರೆ ಬ್ಯಾಗು ಹೆಚ್ಚಾದ ಮಾತ್ರಕ್ಕೆ ಕ್ಯಾಬಿನ್ ಬಗ್ಗೆ ಹಿಂದೆ ಬರೆದದ್ದು ತಾನಾಗಿ ಅಳಿಸಿಹೋಗುವುದಿಲ್ಲ. ಶೋರೂಮಿನ ಹುಡುಗನಿಗೆ ಒಂದೇ ಪ್ರಶ್ನೆ ಕೇಳು: “ಆರು ಬ್ಯಾಗ ಹಾಕಿದ ಮ್ಯಾಲೆ ಈ ಗಾಡಿ ಯಾವ ಪರೀಕ್ಷೆ ಬರದೈತಿ, ವರದಿ ತೋರಸ್ರಿ.” ತೋರಿಸಿದರೆ ಓದು. “ಬರತೈತ್ರಿ ಸರ್, ಬರೂದೈತಿ” ಅಂದರೆ ಚಹಾ ಕುಡಿದು ಎದ್ದು ಬಾ.

ವರದಿ ಓದುವುದು ಕಷ್ಟವೇನಲ್ಲ. ಭಾರತ್ ಎನ್‌ಕ್ಯಾಪ್‌ನದು bncap.in ಎಂಬಲ್ಲಿ ಸಿಗುತ್ತದೆ, ಪರೀಕ್ಷೆಯಾದ ಕಾರಿನ ಮೇಲೆ ಅಂಟಿಸುವ ಕ್ಯೂಆರ್ ಚೀಟಿಯಿಂದಲೂ ಸಿಗುತ್ತದೆ. ಮೂರು ಕಡೆ ಕಣ್ಣಾಡಿಸು. ಯಾವ ವೇರಿಯಂಟ್ ಹೊಡೆಸಿದ್ದು, ಆ ಅಂಕ ಯಾವ ಯಾವ ವೇರಿಯಂಟ್‌ಗೆ ಅನ್ವಯ ಅನ್ನುವುದು ಮೊದಲನೆಯದು. ನೀನು ಕೊಳ್ಳುವುದು ಕಡಿಮೆ ದರದ್ದು, ಪರೀಕ್ಷೆಯಾದದ್ದು ಬೇರೆ ಸಾಮಾನಿನದು ಆಗಿರಬಾರದು. ಡಿಜೈರ್‌ನಂಥದ್ದರಲ್ಲಿ ಈ ಜಗಳವಿಲ್ಲ, ಕೆಳಗಿನ ವೇರಿಯಂಟ್‌ನಲ್ಲೂ ಆರು ಬ್ಯಾಗ್ ಇವೆ. ಎರಡನೆಯದಾಗಿ ಎದುರಿನ ಡಿಕ್ಕಿಗೆ 16ಕ್ಕೆ ಎಷ್ಟು, ಮಗ್ಗುಲಿನದಕ್ಕೆ 16ಕ್ಕೆ ಎಷ್ಟು ಅಂತ ಬೇರೆ ಬೇರೆ ನೋಡು. ಮಗ್ಗುಲಿನಲ್ಲಿ ಗಳಿಸಿ ಎದುರಿನಲ್ಲಿ ಸೋತ ಗಾಡಿಗಳಿವೆ. ಕೊನೆಗೆ ಬೊಂಬೆಯ ಚಿತ್ರ. ತಲೆಯಿಂದ ಪಾದದವರೆಗೆ ಹಸಿರು, ಹಳದಿ, ಕಿತ್ತಳೆ, ಕಂದು, ಕೆಂಪು ಬಣ್ಣ ಹಚ್ಚಿರುತ್ತಾರೆ. ಎದೆ, ಕುತ್ತಿಗೆ, ತಲೆ ಇವುಗಳಲ್ಲಿ ಎಲ್ಲಿಯಾದರೂ ಕೆಂಪು ಇದ್ದರೆ ಒಟ್ಟು ಅಂಕ ಎಷ್ಟೇ ಇರಲಿ ಆ ಕಾರು ಬೇಡ. ಗ್ಲೋಬಲ್ ಎನ್‌ಕ್ಯಾಪ್ ವರದಿಯಾದರೆ ಕ್ಯಾಬಿನ್ ಸ್ಥಿರವೋ ಅಸ್ಥಿರವೋ ಅನ್ನುವ ಒಂದು ಸಾಲು ಸ್ಪಷ್ಟವಾಗಿಯೇ ಇರುತ್ತದೆ. ನಾನಾದರೆ ಆ ಸಾಲನ್ನೇ ಮೊದಲು ಹುಡುಕುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ಸ್ಟಾರು ಏನು ಹೇಳುವುದಿಲ್ಲ ಅನ್ನುವುದನ್ನೂ ಹೇಳದಿದ್ದರೆ ನೀನು ಐದು ಸ್ಟಾರ್ ಗಾಡಿ ತಂದು ಹಾರಾಡುತ್ತೀ.

ಕಾರಿನ ಮೂತಿಯ ನಲವತ್ತು ಭಾಗ ಮಾತ್ರ ತಾಗಿಸುವುದು ಏಕೆ ಗೊತ್ತೇ? ಎದುರುಬದುರು ಡಿಕ್ಕಿಗಳಲ್ಲಿ ಆಗುವುದೇ ಹಾಗೆ. ಮುಂದಿನ ಲಾರಿ ದಾಟಲು ಹೊರಗೆ ಬಂದವನು ಕೊನೆಯ ಕ್ಷಣ ಎಡಕ್ಕೆ ಎಳೆಯುತ್ತಾನೆ, ಎದುರಿನವನೂ ಎಳೆಯುತ್ತಾನೆ, ಚಾಲಕರ ಬದಿಗೆ ಚಾಲಕರ ಬದಿ ತಾಗುತ್ತದೆ. ನಡುವೆ ಡಿವೈಡರ್ ಇಲ್ಲದಿದ್ದ ಹುಬ್ಬಳ್ಳಿ-ಧಾರವಾಡ ಬೈಪಾಸ್ ವರ್ಷಾನುಗಟ್ಟಲೆ ಇದನ್ನೇ ತೋರಿಸಿತ್ತು. ಆದರೆ ಆ ಪರೀಕ್ಷೆ ಹೋಲುವುದು ಅಷ್ಟೇ ತೂಕದ ಇನ್ನೊಂದು ಕಾರಿನ ಜೊತೆಗಿನ ಡಿಕ್ಕಿಯನ್ನು. 2021ರ ಸಂಕ್ರಾಂತಿಯ ಮರುದಿನ ಇಟ್ಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು ಗೋವಾಕ್ಕೆ ಹೊರಟಿದ್ದ ಗಾಡಿಗೆ ಎದುರಾದದ್ದು ಟಿಪ್ಪರ್. ಹತ್ತಕ್ಕೂ ಹೆಚ್ಚು ಜೀವ ಹೋದವು. ಮರಳು ತುಂಬಿದ ಟಿಪ್ಪರಿನ ಎದುರು ನಿನ್ನ ಒಂಬತ್ತು ನೂರು ಕಿಲೋ ಕಾರು ಎಷ್ಟು ಸ್ಟಾರ್ ಹೊತ್ತಿದ್ದರೂ ಹಗುರವೇ.

ವೇಗದ ಲೆಕ್ಕವೂ ಹಾಗೆಯೇ. ಪರೀಕ್ಷೆ 64ರಲ್ಲಿ. ನೀನು ನೂರರಲ್ಲಿ ಹೋದರೆ ಪೆಟ್ಟು ಒಂದೂವರೆ ಪಟ್ಟು ಅಂದುಕೊಳ್ಳುತ್ತೀ. ಅಲ್ಲ, ವೇಗದ ವರ್ಗದಷ್ಟು ಏರುತ್ತದೆ, ಹೆಚ್ಚುಕಡಿಮೆ ಎರಡೂವರೆ ಪಟ್ಟು. ಆ ಹೆಚ್ಚಿನದನ್ನು ತಿನ್ನಲು ಯಾವ ಬಾನೆಟ್ಟೂ ಉದ್ದ ಬೆಳೆದಿರುವುದಿಲ್ಲ.

ನಮ್ಮ ಕಡೆಯ ಇನ್ನೊಂದು ಗಂಡಾಂತರಕ್ಕೆ ಪರೀಕ್ಷೆಯೇ ಇಲ್ಲ. ಸುಗ್ಗಿಯಲ್ಲಿ ಕುಂದಗೋಳದ ರಸ್ತೆಗೆ ರಾತ್ರಿ ಇಳಿದು ನೋಡು. ಹತ್ತಿ ಅಂಡಿಗೆ ಹೇರಿಕೊಂಡು, ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೊತ್ತು ಟ್ರ್ಯಾಕ್ಟರುಗಳು ಹೊರಟಿರುತ್ತವೆ. ಹಿಂದಿನ ಟ್ರೇಲರಿಗೆ ದೀಪವಿಲ್ಲ, ಕೆಂಪು ಪಟ್ಟಿಯೂ ಇಲ್ಲ. ಅದರ ಹಾಸು ಕಾರಿನ ಬಾನೆಟ್‌ಗಿಂತ ಎತ್ತರ. ಹಿಂದಿನಿಂದ ಹೋಗಿ ಹೊಡೆದರೆ ಬಂಪರು, ಉದ್ದ ಪಟ್ಟಿ, ಯಾವುದಕ್ಕೂ ಪೆಟ್ಟು ತಾಗುವುದೇ ಇಲ್ಲ. ಬಾನೆಟ್ ಕೆಳಗೆ ನುಸುಳಿ ಹೋಗುತ್ತದೆ, ಟ್ರೇಲರಿನ ಅಂಚು ನೇರ ಗಾಜಿಗೂ ಆ ಕಂಬಕ್ಕೂ ಬರುತ್ತದೆ. ಇಂಥ ಗಾಡಿಗಳು ಅಂಗಡಿಗೆ ಬಂದಾಗ ಹೆಡ್‌ಲೈಟ್ ಹಾಗೆಯೇ ಇರುತ್ತಿತ್ತು, ಛಾವಣಿ ಹಿಂದಕ್ಕೆ ಸುರುಳಿ ಸುತ್ತಿರುತ್ತಿತ್ತು. ಅಂಥ ಕಡೆ ನಿನ್ನನ್ನು ಕಾಯುವುದು ರಾತ್ರಿಯ ನಲವತ್ತರ ವೇಗ, ಒರೆಸಿದ ಗಾಜು.

ಇನ್ನು ಹಿಂದಿನ ಸೀಟು. ಇದನ್ನು ಯಾರೂ ಹೇಳುವುದಿಲ್ಲ. “ದೊಡ್ಡವರ ರಕ್ಷಣೆಗೆ ಐದು ಸ್ಟಾರ್” ಅಂದಾಗ ಆ ದೊಡ್ಡವರು ಕೂತದ್ದು ಮುಂದಿನ ಎರಡು ಸೀಟಿನಲ್ಲಿ. ಎದುರಿನ ಡಿಕ್ಕಿಯಲ್ಲಿ ಹಿಂದೆ ಕೂಡಿಸುವುದು ಒಂದೂವರೆ ವರ್ಷದ್ದು, ಮೂರು ವರ್ಷದ್ದು ಎರಡು ಮಗುವಿನ ಬೊಂಬೆ, ಅದೂ ಮಕ್ಕಳ ಸೀಟಿನಲ್ಲಿ ಕಟ್ಟಿ. ನಿನ್ನ ಅವ್ವ, ಅಜ್ಜಿ, ಚಿಗವ್ವ ಹಿಂದೆ ಕೂಡುತ್ತಾರಲ್ಲ, ಅವರ ಲೆಕ್ಕವನ್ನು ಅಲ್ಲಿ ಯಾರೂ ಹಿಡಿದಿಲ್ಲ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಏಳು ಜನ ತುಂಬಿಕೊಂಡು ಹೊರಟರಂತೂ ಕೇಳುವುದೇ ಬೇಡ. ಹಿಂದಿನವರಿಗೆ ಎದುರಿನ ಬ್ಯಾಗ್ ಇಲ್ಲ, ಬೆಲ್ಟ್ ಒಂದೇ. ಟಾಟಾ ಸನ್ಸ್ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಹತ್ತಿರ ತೀರಿಕೊಂಡದ್ದು ಬೆಂಜ್ ಗಾಡಿಯಲ್ಲಿ. ಹಿಂದೆ ಬೆಲ್ಟ್ ಹಾಕದೆ ಕೂತ ಇಬ್ಬರೂ ಹೋದರು, ಮುಂದಿದ್ದ ಇಬ್ಬರು ಉಳಿದರು. ಬೆಲ್ಟ್ ಇಲ್ಲದೆ ಹಿಂದೆ ಕೂತವನು ಡಿಕ್ಕಿಯಲ್ಲಿ ತಾನು ಹೋಗುವುದಲ್ಲದೆ ಮುಂದಿನ ಸೀಟನ್ನೂ ನೂಕಿ ಮುಂದಿನವನನ್ನೂ ಸ್ಟೇರಿಂಗಿಗೆ ಒತ್ತುತ್ತಾನೆ. ಮಗುವನ್ನು ಮುಂದೆ ತೊಡೆಯ ಮೇಲೆ ಕೂಡಿಸಿಕೊಳ್ಳುವ ಪದ್ಧತಿ ಇನ್ನೂ ಕೆಟ್ಟದ್ದು. ಡ್ಯಾಶ್‌ಬೋರ್ಡಿನಿಂದ ಸಿಡಿಯುವ ಬ್ಯಾಗು ದೊಡ್ಡವನ ಎದೆಯ ಅಳತೆಗೆ ಮಾಡಿದ್ದು, ಮಗುವಿಗೆ ಅದೇ ಪೆಟ್ಟಾಗುತ್ತದೆ.

ದುಡ್ಡು ಸಾಲದು, ಸೆಕೆಂಡ್ ಹ್ಯಾಂಡ್ ನೋಡುತ್ತೇನೆ ಅಂದೆಯಂತೆ ನಿನ್ನ ಅಪ್ಪನ ಹತ್ತಿರ. ನನ್ನ ಅಭಿಪ್ರಾಯ ಕೇಳಿದರೆ, ಕ್ಯಾಬಿನ್ ಅಸ್ಥಿರ ಅನ್ನಿಸಿಕೊಂಡ ಹೊಚ್ಚ ಹೊಸ ಕಾರಿಗಿಂತ ಒಳ್ಳೆಯ ಅಂಕದ ಮೂರು ನಾಲ್ಕು ವರ್ಷ ಓಡಿದ ಕಾರು ಮೇಲು, ಅದರಲ್ಲಿ ಎರಡೇ ಬ್ಯಾಗಿದ್ದರೂ ಸರಿ. ಆದರೆ ಒಂದು ಕರಾರು: ಅದು ಒಮ್ಮೆಯೂ ದೊಡ್ಡ ಪೆಟ್ಟು ತಿಂದಿರಬಾರದು. ಬೆಳಗಿನ ಬೆಳಕಿನಲ್ಲಿ ಹೋಗು, ಬಾಗಿಲು ತೆರೆದು ಕಂಬದ ಸುತ್ತಲಿನ ರಬ್ಬರನ್ನು ಕೈಯಿಂದ ಎಳೆದು ಬಿಚ್ಚು. ಒಳಗೆ ಎರಡು ತಗಡು ಕೂಡುವ ಅಂಚಿನ ಮೇಲೆ ಕಂಪನಿಯ ವೆಲ್ಡಿಂಗ್ ಚುಕ್ಕೆಗಳು ಗುಂಡಗೆ, ಸಮ ಅಂತರದಲ್ಲಿ, ಹೊಲಿಗೆ ಹಾಕಿದಂತೆ ಸಾಲಾಗಿ ಇರಬೇಕು. ಚುಕ್ಕೆ ಕಾಣದೆ ಉದ್ದಕ್ಕೆ ಬೆಸುಗೆ ಎಳೆದಿದ್ದರೆ, ಅಥವಾ ಅಂಚು ಅಲೆಅಲೆಯಾಗಿದ್ದು ಮೇಲೆ ಪಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ, ನಮ್ಮಂಥವನೊಬ್ಬ ಅಲ್ಲಿ ಕೂತು ಎದ್ದಿದ್ದಾನೆ ಅಂತ ಲೆಕ್ಕ. ಹೊರಗಿನಿಂದ ನಾವು ಹೊಸದರಂತೆ ಮಾಡಿ ಕೊಡುತ್ತೇವೆ. ಮೊದಲಿನ ಬಲ ಕೊಡಲು ನಮ್ಮಿಂದಾಗುವುದಿಲ್ಲ.

ಆಮೇಲೆ ಕೀ ತಿರುಗಿಸು, ಎಂಜಿನ್ ಶುರು ಮಾಡಬೇಡ. ಮೀಟರಿನಲ್ಲಿ ಏರ್‌ಬ್ಯಾಗಿನ ದೀಪ, ಗುಂಡು ಚೆಂಡಿನ ಮುಂದೆ ಮನುಷ್ಯ ಕೂತಂತೆ ಇರುತ್ತದೆಯಲ್ಲ, ಅದು ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಿಕೊಂಡೇ ಇದ್ದರೆ ವ್ಯವಸ್ಥೆ ಕೆಟ್ಟಿದೆ. ಹತ್ತಲೇ ಇಲ್ಲವಾದರೆ ಇನ್ನೂ ಕೆಟ್ಟದ್ದು, ಯಾರೋ ದೀಪವನ್ನೇ ಬಿಚ್ಚಿದ್ದಾರೆ. ಒಮ್ಮೆ ಸಿಡಿದ ಬ್ಯಾಗು ಮತ್ತೆ ಮಡಚಿ ಇಡಲು ಬರುವಂಥದ್ದಲ್ಲ, ಹೊಸದು ಹಾಕಲು ಬಹಳ ಖರ್ಚು. ಅದಕ್ಕೆ ಬರೀ ಮುಚ್ಚಳ ಹಾಕಿ ಮಾರುವ ಪುಣ್ಯಾತ್ಮರಿದ್ದಾರೆ. ಬೆಲ್ಟನ್ನೂ ಪೂರ್ತಿ ಹೊರಗೆ ಎಳೆದು ನೋಡು. ತಾನಾಗಿ ಒಳಗೆ ಸರಿಯದೆ ಬಿಗಿದುಕೊಂಡಿದ್ದರೆ, ಅದೂ ಡಿಕ್ಕಿ ಕಂಡ ಬೆಲ್ಟೇ ಇರಬಹುದು.

ಕಾರು ಮನೆಗೆ ಬಂದ ಮೇಲೆ ನೀವೇ ಹಾಳು ಮಾಡುವ ಸಂಗತಿಗಳೂ ಇವೆ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬೇಡ. ಸರ್ಕಾರ 2017ರಲ್ಲೇ ಬೇಡ ಅಂದಿದೆ. ಮುದುಡಬೇಕಾದ್ದನ್ನು ಅದು ಮುದುಡಲು ಬಿಡುವುದಿಲ್ಲ, ಬ್ಯಾಗಿನ ಸೆನ್ಸರಿಗೂ ತಪ್ಪು ಸುದ್ದಿ ಕೊಡುತ್ತದೆ. ದಪ್ಪ ಸೀಟ್ ಕವರ್ ಹೊಲಿಸುವ ಮುಂಚೆ ಸೀಟಿನ ಮಗ್ಗುಲಲ್ಲಿ ಏರ್‌ಬ್ಯಾಗ್ ಚೀಟಿ ಇದೆಯೇ ನೋಡು. ಕವರ್ ಅದನ್ನು ಮುಚ್ಚಿದರೆ ನೀನು ಆಸೆಪಟ್ಟು ತಂದ ಆರರಲ್ಲಿ ಎರಡು ಅಲ್ಲಿಯೇ ಹೋದವು. ಬಸವಣ್ಣನ ಮೂರ್ತಿಯನ್ನು ಡ್ಯಾಶ್‌ಬೋರ್ಡಿನ ಎಡಬದಿ, ಏರ್‌ಬ್ಯಾಗ್ ಅಂತ ಅಚ್ಚೊತ್ತಿದ ಮುಚ್ಚಳದ ಮೇಲೆ ಅಂಟಿಸಬೇಡ. ಬ್ಯಾಗು ಸಿಡಿದಾಗ ಮೂರ್ತಿ ಕಲ್ಲಿನಂತೆ ಮುಖಕ್ಕೆ ಬರುತ್ತದೆ. ನಡುವೆ ಸಣ್ಣ ಪಟ ಇದ್ದರೆ ಸಾಕು, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ದುಡ್ಡು ಹೇಗೆ ಹಂಚುವುದು ಅನ್ನುವುದೊಂದು ಉಳಿಯಿತು. ಕ್ಯಾಬಿನ್ ಒಳ್ಳೆಯದಿರುವ ಎರಡು ಮೂರು ಕಾರು ಮೊದಲು ಆರಿಸಿಕೋ, ಉಳಿದವುಗಳನ್ನು ಮರೆತುಬಿಡು. ಅವುಗಳಲ್ಲಿ ಆರು ಬ್ಯಾಗ್ ಯಾವ ವೇರಿಯಂಟ್‌ನಿಂದ ಶುರುವಾಗುತ್ತದೆ ನೋಡು. ಅಲ್ಲಿಯೇ ನಿಲ್ಲು. ಅದರ ಮೇಲಿನದೆಲ್ಲ ದೊಡ್ಡ ಸ್ಕ್ರೀನು, ಅಲಾಯ್ ವೀಲು, ಸನ್‌ರೂಫು. ನಮ್ಮ ಬಿಸಿಲಿಗೆ ಸನ್‌ರೂಫ್ ತೆರೆದು ನೀನೇನು ಹಪ್ಪಳ ಒಣಗಿಸುತ್ತೀಯಾ? ಆ ದುಡ್ಡಿನಲ್ಲಿ ಅಕ್ಕನ ಮಗುವಿಗೆ ಒಂದು ಮಕ್ಕಳ ಸೀಟು ಬರುತ್ತದೆ, ಒಳ್ಳೆಯ ಟೈರು ಬರುತ್ತದೆ.

ಹುಬ್ಬಳ್ಳಿಗೆ ಹೋಗುವ ದಿನ ಗೆಳೆಯರ ಹಿಂಡು ಕಟ್ಟಿಕೊಂಡು ಹೋಗಬೇಡ, ನಿನ್ನ ಅವ್ವನನ್ನು ಕರೆದುಕೊಂಡು ಹೋಗು. ಹಿಂದಿನ ಸೀಟಿನ ನಡುವೆ ಕೂಡಿಸು. ಅಲ್ಲಿ ಹೆಗಲ ಮೇಲಿಂದ ಬರುವ ಬೆಲ್ಟ್ ಇದೆಯೋ, ಬರೀ ಸೊಂಟಕ್ಕೆ ಕಟ್ಟುವುದೋ ನೋಡು. ಸೀರೆ ಸೆರಗು ಸರಿಮಾಡಿಕೊಂಡು, ಕೊಕ್ಕೆ ಹುಡುಕಿ, ಅವಳೇ ಸಿಕ್ಕಿಸಿ, ಅವಳೇ ಬಿಚ್ಚಲಿ. ಸೀಟಿನ ಸಂದಿಯಲ್ಲಿ ಹೂತುಹೋದ ಕೊಕ್ಕೆ ಅವಳ ಕೈಗೆ ಸಿಗದಿದ್ದರೆ ಅವಳು ಎಂದೂ ಬೆಲ್ಟ್ ಹಾಕುವುದಿಲ್ಲ, ಆ ಕಾರು ಬೇಡ ಅಂತ ಹೇಳಿ ಮುಂದಿನ ಶೋರೂಮಿಗೆ ನಡೆ.